ಎಲ್ಲಿ ಕೇಳಿದಿರಿ ನಮ್ಮ ಹೆಸರು? ಗ್ರಾಹಕರ ಉತ್ತರ ಮತ್ತು ಕಂಪ್ಯೂಟರಿನ ಲೆಕ್ಕ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಜಾಹೀರಾತಿನ ಬಗ್ಗೆ ಓದುತ್ತೇವೆ. ಆದರೆ ಕೊಟ್ಟ ಜಾಹೀರಾತಿನಿಂದ ಎಷ್ಟು ಜನ ಬಂದರು ಎಂದು ಅಂಗಡಿಯವನು ಹೇಗೆ ತಿಳಿಯಬೇಕು? ಫೋನಿನ ಪರದೆಯ ಮೇಲೆ ಕಾಣುವ ಜಾಹೀರಾತಾದರೆ ಒತ್ತಿದವರನ್ನು ಎಣಿಸಬಹುದು. ಕಿವಿಯಿಂದ ಕೇಳುವ ಜಾಹೀರಾತಿಗೆ ಒತ್ತುವ ಜಾಗವೇ ಇಲ್ಲ. ತೋಟದಲ್ಲಿ ಕಾಯಿ ಸುಲಿಯುತ್ತಲೋ ಬಸ್ಸಿನಲ್ಲಿ ತಿಪಟೂರಿಗೆ ಹೋಗುತ್ತಲೋ ಪಾಡ್‌ಕಾಸ್ಟ್ ಕೇಳುವವರು ಅಂಗಡಿಯ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು, ನಾಲ್ಕು ದಿನ ಬಿಟ್ಟು ಗೂಗಲ್‌ನಲ್ಲಿ ಹುಡುಕಿ ಕೊಳ್ಳುತ್ತಾರೆ. ಆಗ ಲೆಕ್ಕದಲ್ಲಿ ಶ್ರೇಯ ಗೂಗಲ್‌ಗೆ ಹೋಗುತ್ತದೆ.

ಈ ತೊಂದರೆಗೆ ಎರಡು ಉಪಾಯಗಳಿವೆ. ನನ್ನ ಮಾಮು ಗಾಣದ ಕೊಬ್ಬರಿ ಎಣ್ಣೆಯನ್ನು ತಮ್ಮದೇ ವೆಬ್‌ಸೈಟಿನಲ್ಲಿ ಮಾರುತ್ತಾರೆ. ಒಂದು ಕನ್ನಡ ಪಾಡ್‌ಕಾಸ್ಟಿಗೆ ತಿಂಗಳಿಗೆ 30,000 ರೂಪಾಯಿ ಕೊಟ್ಟು ಜಾಹೀರಾತು ಹಾಕಿಸಿದ್ದರು. ಎರಡೂ ಉಪಾಯಗಳನ್ನು ಬಳಸಿದಾಗ ಎರಡು ಬೇರೆ ಉತ್ತರ ಬಂತು. ಆ ಲೆಕ್ಕವನ್ನೇ ಇಲ್ಲಿ ಬಿಡಿಸುತ್ತೇನೆ. ಓದಲು ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮೊದಲನೆಯ ಉಪಾಯದ ಹೆಸರು ಅಟ್ರಿಬ್ಯೂಷನ್. ನಿಮ್ಮ ಫೋನು ಒಂದು ಕಂತನ್ನು ಇಳಿಸಿಕೊಂಡಾಗ ಅದನ್ನು ಕಳಿಸುವ ಸರ್ವರ್ ನಿಮ್ಮ ಐಪಿ ವಿಳಾಸ ಮತ್ತು ಸಮಯವನ್ನು ಬರೆದಿಟ್ಟುಕೊಳ್ಳುತ್ತದೆ. ಅಂಗಡಿಯ ವೆಬ್‌ಸೈಟಿನಲ್ಲಿ ಪಿಕ್ಸೆಲ್ ಎಂಬ ಸಣ್ಣ ಕೋಡ್ ತುಣುಕು ಇರುತ್ತದೆ, ಅದೂ ಬಂದವರ ಐಪಿ ವಿಳಾಸವನ್ನು ಬರೆದುಕೊಳ್ಳುತ್ತದೆ. ಗೊತ್ತುಮಾಡಿದ ಅವಧಿಯೊಳಗೆ, ಉದಾಹರಣೆಗೆ 30 ದಿನದಲ್ಲಿ, ಎರಡೂ ಕಡೆ ಒಂದೇ ವಿಳಾಸ ಸಿಕ್ಕರೆ ಆ ಮಾರಾಟ ಜಾಹೀರಾತಿನದು ಎಂದು ಲೆಕ್ಕ. ಪಾಡ್‌ಸೈಟ್ಸ್ ಎಂಬ ಕಂಪನಿ ಇಂಥ ಕೆಲಸಕ್ಕೆ ಹೆಸರಾಗಿತ್ತು, 2022ರಲ್ಲಿ ಅದನ್ನು ಸ್ಪಾಟಿಫೈ ಕೊಂಡುಕೊಂಡಿತು.

ಮನೆಮನೆಗೂ ವೈಫೈ ಇರುವ ಕಡೆ ಇದು ಸುಮಾರಾಗಿ ನಡೆಯುತ್ತದೆ. ನಮ್ಮಲ್ಲಿ ಹೆಚ್ಚಿನವರು ಬಳಸುವುದು ಮೊಬೈಲ್ ಡೇಟಾ. ಅದರಲ್ಲಿ ಎಷ್ಟೋ ಫೋನುಗಳು ಹೊರಗಿನವರಿಗೆ ಒಂದೇ ಐಪಿ ವಿಳಾಸದಿಂದ ಬಂದಂತೆ ಕಾಣುತ್ತವೆ. ನೊಣವಿನಕೆರೆಯ ನೂರು ಮನೆಗೆ ಬರುವ ಕಾಗದಗಳೆಲ್ಲ ಒಂದೇ ಅಂಚೆ ಡಬ್ಬಿಗೆ ಬಿದ್ದ ಹಾಗೆ. ಕೇಳಿದವನು ಒಬ್ಬ, ಕೊಂಡವನು ಅವನ ಗುರುತೇ ಇಲ್ಲದ ಇನ್ನೊಬ್ಬ, ಆದರೂ ಜೋಡಿ ಕೂಡಿಬಿಡಬಹುದು. ಇನ್ನು ಕೆಲವು ಸಲ ಒಂದೇ ಫೋನಿನ ವಿಳಾಸ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಆಗ ನಿಜವಾದ ಜೋಡಿ ತಪ್ಪಿಹೋಗುತ್ತದೆ. ಜೊತೆಗೆ, ಇಳಿಸಿಕೊಂಡ ಕಂತನ್ನೆಲ್ಲ ಯಾರೂ ಕೇಳುವುದಿಲ್ಲ. ನನ್ನ ಫೋನಿನಲ್ಲೇ ತಾನಾಗಿ ಇಳಿದು ಕುಳಿತ ಕಂತುಗಳು ಬೇಕಾದಷ್ಟಿವೆ.

ಎರಡನೆಯ ಉಪಾಯ ಹಳೆಯದು: ಕೇಳಿಬಿಡುವುದು. ಹಣ ಕಟ್ಟಿದ ಮೇಲೆ ಬರುವ ಧನ್ಯವಾದದ ಪುಟದಲ್ಲಿ 'ನಮ್ಮ ಬಗ್ಗೆ ಎಲ್ಲಿ ತಿಳಿಯಿತು?' ಎಂಬ ಒಂದೇ ಪ್ರಶ್ನೆ, ಕೆಳಗೆ ಏಳೆಂಟು ಆಯ್ಕೆ. ಇದನ್ನು ಹಾಕುವಾಗ ಮೂರು ಎಚ್ಚರಿಕೆ ಬೇಕು. ಆಯ್ಕೆಗಳ ಕ್ರಮ ಪ್ರತಿಯೊಬ್ಬರಿಗೂ ಬದಲಾಗಬೇಕು, ಇಲ್ಲದಿದ್ದರೆ ಅವಸರದವರು ಮೊದಲನೆಯದನ್ನೇ ಒತ್ತುತ್ತಾರೆ. ಯೂಟ್ಯೂಬ್ ಎಂದವರಿಗೆ 'ಯಾವ ಕಾರ್ಯಕ್ರಮದಲ್ಲಿ?' ಎಂದು ಮತ್ತೆ ಕೇಳಬೇಕು, ಏಕೆಂದರೆ ಪಾಡ್‌ಕಾಸ್ಟನ್ನು ಅಲ್ಲೇ ಕೇಳುವವರು ಬಹಳ. ಮೂರನೆಯದು ನನಗೆ ಬಹಳ ಹಿಡಿಸಿದ ಉಪಾಯ: ನಾವು ಜಾಹೀರಾತು ಕೊಟ್ಟೇ ಇಲ್ಲದ ಒಂದು ಜಾಗವನ್ನೂ ಪಟ್ಟಿಗೆ ಸೇರಿಸುವುದು. ಮಾಮು 'ರೇಡಿಯೊ' ಎಂದು ಸೇರಿಸಿದರು. ಅದನ್ನು ಒತ್ತಿದವರ ಸಂಖ್ಯೆಯಿಂದ, ಸುಮ್ಮನೆ ಏನೋ ಒಂದನ್ನು ಒತ್ತುವವರು ಎಷ್ಟಿರಬಹುದು ಎಂಬ ಅಂದಾಜು ಸಿಗುತ್ತದೆ.

ಈಗ ಲೆಕ್ಕ. ಆ ತಿಂಗಳು 400 ಆರ್ಡರ್ ಬಂದವು. 100 ಹಳೆಯ ಗ್ರಾಹಕರದು, 300 ಹೊಸಬರದು. ಅಟ್ರಿಬ್ಯೂಷನ್ ವರದಿ ಪಾಡ್‌ಕಾಸ್ಟಿಗೆ 16 ಆರ್ಡರ್ ಕೊಟ್ಟಿತು. ಪ್ರಶ್ನೆಗೆ ಹೊಸಬರಲ್ಲಿ 120 ಜನ ಉತ್ತರಿಸಿದ್ದರು, ಅವರಲ್ಲಿ 18 ಜನ ಪಾಡ್‌ಕಾಸ್ಟ್ ಎಂದಿದ್ದರು. 16 ಮತ್ತು 18 ಹತ್ತಿರದ ಸಂಖ್ಯೆಗಳಲ್ಲವೇ, ಎರಡೂ ಸರಿ ಇರಬೇಕು ಅನ್ನಿಸುತ್ತದೆ. ಆದರೆ ಒಟ್ಟು ಮೊತ್ತವನ್ನು ಹೋಲಿಸಿದರೆ ಸಾಲದು, ಲೆಡ್ಜರನ್ನು ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡುವಂತೆ ಒಂದೊಂದು ಆರ್ಡರ್ ನಂಬರನ್ನೂ ತಾಳೆ ನೋಡಬೇಕು. ನೋಡಿದಾಗ ಎರಡು ಪಟ್ಟಿಯಲ್ಲೂ ಇದ್ದವರು ಐದೇ ಜನ!

ವರದಿಯ ಉಳಿದ 11ರಲ್ಲಿ ನಾಲ್ಕು ಹಳೆಯ ಗ್ರಾಹಕರದು. ಅವರು ಜಾಹೀರಾತು ಇಲ್ಲದಿದ್ದರೂ ಎಣ್ಣೆ ತರಿಸುತ್ತಿದ್ದವರು. ಮೂವರು 'ಸಂಬಂಧಿಕರು ಹೇಳಿದರು' ಎಂದಿದ್ದರು. ನಾಲ್ವರು ಉತ್ತರವನ್ನೇ ಕೊಟ್ಟಿರಲಿಲ್ಲ. ಸಂಬಂಧಿಕರು ಎಂದದ್ದು ಸುಳ್ಳಾಗಬೇಕಿಲ್ಲ. ಒಂದೇ ಮನೆಯಲ್ಲಿ ಅತ್ತೆ ಕೇಳಿ ಸೊಸೆಗೆ ಹೇಳಿದರೆ ಎರಡೂ ನಿಜ. ಇತ್ತ ಪಾಡ್‌ಕಾಸ್ಟ್ ಎಂದ 18ರಲ್ಲಿ 13 ಜನರನ್ನು ವರದಿ ಬಿಟ್ಟೇಬಿಟ್ಟಿತ್ತು. ಅವರಲ್ಲಿ ಎಂಟು ಜನ ಅಂಗಡಿಯ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ ಬಂದವರು, ಐದು ಜನ ನೇರವಾಗಿ ಬಂದವರು ಎಂದು ವೆಬ್‌ಸೈಟಿನ ದಾಖಲೆ ಹೇಳುತ್ತಿತ್ತು. ಹೆಸರು ಮೊದಲೇ ಗೊತ್ತಿಲ್ಲದೆ ಹೆಸರು ಹಾಕಿ ಹುಡುಕುವುದು ಹೇಗೆ?

KOBBARI10 ಎಂಬ ಕೂಪನ್ನನ್ನೂ ಜಾಹೀರಾತಿನಲ್ಲಿ ಹೇಳಿಸಿದ್ದರು. ಅದು ಯಾರದೋ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿತು, ಹಾಗಾಗಿ ಅದನ್ನು ಬದಿಗಿಟ್ಟೆವು.

ಹಾಗೆಂದು ಗ್ರಾಹಕರ ಉತ್ತರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ರೇಡಿಯೊ ಎಂದು ನಾಲ್ಕು ಜನ ಒತ್ತಿದ್ದರು. 18ರಲ್ಲೂ ಅಷ್ಟೇ ಜನ ಸುಮ್ಮನೆ ಒತ್ತಿದವರು ಎಂದು ಹಿಡಿದರೆ ಉಳಿಯುವುದು 14. ದೊಡ್ಡ ಪ್ರಶ್ನೆ ಉತ್ತರ ಕೊಡದ 180 ಜನರದು. ಅವರೂ ಉತ್ತರಿಸಿದವರಂತೆಯೇ ಎಂದುಕೊಂಡರೆ 300ಕ್ಕೆ 35 ಆಗುತ್ತದೆ. ಆದರೆ ಪಾಡ್‌ಕಾಸ್ಟ್ ಕೇಳಿ ಇಷ್ಟಪಟ್ಟು ಬಂದವರಿಗೆ ಅದನ್ನು ಹೇಳುವ ಉತ್ಸಾಹ ಹೆಚ್ಚಿರಬಹುದು. ಉಳಿದವರಲ್ಲಿ ಒಬ್ಬರೂ ಕೇಳಿಲ್ಲ ಎಂದುಕೊಂಡರೆ 14ಕ್ಕೇ ನಿಲ್ಲುತ್ತದೆ.

ಈ ವ್ಯತ್ಯಾಸದ ಮೇಲೆಯೇ ಮಾಮು ಅವರ ದುಡ್ಡು ನಿಂತಿತ್ತು. ಒಬ್ಬ ಹೊಸ ಗ್ರಾಹಕನಿಂದ ವರ್ಷಕ್ಕೆ ಸುಮಾರು 1,000 ರೂಪಾಯಿ ಲಾಭ ಎಂಬುದು ಅವರ ಅಂದಾಜು. ಅಂದರೆ 30,000 ಹುಟ್ಟಲು 30 ಜನ ಬರಬೇಕು. ವರದಿಯಲ್ಲಿ ಹಳಬರನ್ನು ಕಳೆದರೆ 12 ಜನ, ನಷ್ಟ. 14 ಆದರೂ ನಷ್ಟ. 35 ಆದರೆ ಸ್ವಲ್ಪ ಲಾಭ.

ಹಾಗಾಗಿ ಉತ್ತರ ಕೊಡದವರನ್ನೇ ಹುಡುಕಿದೆವು. ಸರಕು ತಲುಪಿದಾಗ ಹಣ ಕೊಡುವವರಿಗೆ ಮಾಮು ಹೇಗೂ ಫೋನ್ ಮಾಡಿ ಆರ್ಡರ್ ಖಚಿತಪಡಿಸಿಕೊಳ್ಳುತ್ತಾರೆ. ಅಂಥ 30 ಜನರನ್ನು ಅದೇ ಫೋನಿನಲ್ಲಿ ಕೇಳಿದರು. 'ಪಾಡ್‌ಕಾಸ್ಟ್ ಕೇಳಿದ್ರಾ?' ಎಂದರೆ ಸಂಕೋಚಕ್ಕೆ ಹೌದು ಎಂದುಬಿಡುತ್ತಾರೆಂದು, 'ನಮ್ಮ ಹೆಸರು ಎಲ್ಲಿ ಕೇಳಿದ್ರಿ?' ಎಂದಷ್ಟೇ ಕೇಳಿ ಸುಮ್ಮನಾಗುತ್ತಿದ್ದರು. ಮೂವರು ತಾವಾಗಿ ಪಾಡ್‌ಕಾಸ್ಟ್ ಎಂದರು. 30ಕ್ಕೆ ಮೂರಾದರೆ 180ಕ್ಕೆ 18. ಮೊದಲಿನ 14 ಸೇರಿ 32.

30ರ ಗೆರೆಯನ್ನು ದಾಟಿತು, ಆದರೆ ಕೂದಲೆಳೆಯಷ್ಟು. ಮೂವರ ಬದಲು ಇಬ್ಬರು ಹೇಳಿದ್ದರೆ 26ಕ್ಕೆ ಇಳಿಯುತ್ತಿತ್ತು. ಮೊದಲೇ ಯುಪಿಐನಲ್ಲಿ ಹಣ ಕಟ್ಟಿದವರನ್ನು ಯಾರೂ ಕೇಳಿರಲಿಲ್ಲ ಕೂಡ. ಜಾಹೀರಾತು ನಿಲ್ಲಿಸಿಬಿಡಿ ಎಂದು ಅಬ್ಬಾ ಹೇಳಿದರು. ಮಾಮು ಒಪ್ಪಲಿಲ್ಲ. ಒಂದು ತಿಂಗಳು ಹಾಕಿಸಿ ಒಂದು ತಿಂಗಳು ಬಿಡುವಂತೆ ನಾಲ್ಕು ತಿಂಗಳಿಗೆ ಮಾತಾಡಿಕೊಂಡಿದ್ದಾರೆ. ಬಿಟ್ಟ ತಿಂಗಳಲ್ಲಿ ಹೊಸಬರ ಆರ್ಡರ್ ಎಷ್ಟು ಇಳಿಯುತ್ತದೆ, ಹೆಸರು ಹಾಕಿ ಹುಡುಕಿ ಬರುವವರು ಎಷ್ಟು ಕಡಿಮೆಯಾಗುತ್ತಾರೆ ಎಂದು ಬರೆದಿಡುವ ಪುಸ್ತಕ ಈಗ ನನ್ನ ಬಳಿ ಇದೆ.