ಮೂರು ವಾರಕ್ಕೊಂದು ಸೂಜಿ

ತಾಲ್ಲೂಕು ಆಸ್ಪತ್ರೆಯ ಇಂಜೆಕ್ಷನ್ ಕೋಣೆಯಲ್ಲಿ ನಮಗೆಲ್ಲ ಮುಖಪರಿಚಯವಿರುವ ಒಂದಷ್ಟು ಮಕ್ಕಳಿರುತ್ತಾರೆ. ಜ್ವರವಿಲ್ಲ, ಗಾಯವಿಲ್ಲ, ಶಾಲೆಯ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಬರುತ್ತಾರೆ. ಮೂರು ವಾರಕ್ಕೊಮ್ಮೆ ಸೊಂಟಕ್ಕೆ ಪೆನಿಸಿಲಿನ್ ಚುಚ್ಚಿಸಿಕೊಂಡು, ಸ್ವಲ್ಪ ಕುಂಟುತ್ತಾ ಹೋಗುತ್ತಾರೆ. ‘ಇಷ್ಟು ಚೆನ್ನಾಗಿರೋ ಹುಡುಗನಿಗೆ ಯಾಕ್ ಸಿಸ್ಟರ್ ಸೂಜಿ?’ ಎಂದು ಸಾಲಿನಲ್ಲಿ ನಿಂತವರು ಕೇಳುವುದುಂಟು. ಮನೆಯವರಿಗೂ ಅದೇ ಪ್ರಶ್ನೆ. ರುಮ್ಯಾಟಿಕ್ ಜ್ವರ ಎಂಬ ಈ ಕಾಯಿಲೆಯಲ್ಲಿ ಹೃದಯ ಕೆಡುವುದು ಬಹಳ ಸಲ ಆ ಪ್ರಶ್ನೆಯಿಂದಲೇ.

ನಾನು ಹತ್ತಿರದಿಂದ ಕಂಡ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ನಮ್ಮಲ್ಲಿಗೆ ಮೊದಲು ಬಂದಾಗ ಅವಳಿಗೆ ಹನ್ನೊಂದು ವರ್ಷ, ತೂಕ ಮೂವತ್ತೊಂದು ಕೆ.ಜಿ. ಬಲ ಮಂಡಿ ಊದಿ ಕೆಂಪಾಗಿತ್ತು, ಮುಟ್ಟಿದರೆ ಕಿರುಚುತ್ತಿದ್ದಳು. ಎರಡು ದಿನಕ್ಕೆ ಮಂಡಿ ಸರಿಹೋಗಿ ಎಡ ಹಿಮ್ಮಡಿಯ ಗಂಟು ಹಿಡಿಯಿತು, ಆಮೇಲೆ ಮೊಣಕೈ. ಊರಿನವರು ವಾತ ಎಂದರು. ನೋವಿನ ಮಾತ್ರೆ ಕೊಟ್ಟ ಕೂಡಲೇ ಎಲ್ಲ ಮಾಯವಾದಂತೆ ಕಂಡಿತು. ಈ ಜ್ವರದ ಕೀಲುನೋವು ಇರುವುದೇ ಹಾಗೆ: ಒಂದು ಕೀಲಿನಿಂದ ಇನ್ನೊಂದಕ್ಕೆ ಓಡಾಡುತ್ತದೆ, ಮಾತ್ರೆಗೆ ಬೇಗ ಮಣಿಯುತ್ತದೆ, ಕೀಲಿನಲ್ಲಿ ಗುರುತೂ ಉಳಿಸುವುದಿಲ್ಲ. ಅದರಿಂದಾಗಿಯೇ ಮನೆಯವರು ಮೋಸಹೋಗುತ್ತಾರೆ.

ನಮ್ಮ ವೈದ್ಯರು ತಾಯಿಯನ್ನು ಕೇಳಿದ್ದು ಒಂದೇ ಮಾತು: ‘ಎರಡು ಮೂರು ವಾರದ ಹಿಂದೆ ಗಂಟಲು ನೋವು ಬಂದಿತ್ತಾ?’ ಬಂದಿತ್ತು. ಉಪ್ಪುನೀರು ಮುಕ್ಕಳಿಸಿ, ಕಷಾಯ ಕುಡಿಸಿ, ತಾನಾಗಿಯೇ ವಾಸಿಯಾಗಿತ್ತು. ಸ್ಟೆತಸ್ಕೋಪ್ ಇಟ್ಟಾಗ ಎದೆಯಲ್ಲಿ ಮರ್ಮರ ಕೇಳಿಸಿತು. ಜಿಲ್ಲಾಸ್ಪತ್ರೆಯಲ್ಲಿ ಎಕೋ ಮಾಡಿದಾಗ ಹೃದಯದ ಎಡಭಾಗದ ಮೈಟ್ರಲ್ ಕವಾಟ ಸ್ವಲ್ಪ ಸೋರುತ್ತಿರುವುದು ತಿಳಿಯಿತು.

ಗಂಟಲಿಗೂ ಹೃದಯಕ್ಕೂ ಏನು ಸಂಬಂಧ ಎಂದು ಆ ತಾಯಿ ಕೇಳಿದಾಗ ವೈದ್ಯರು ಹೇಳಿದ್ದನ್ನೇ ನಾನು ಇಂದಿಗೂ ಎಲ್ಲರಿಗೂ ಹೇಳುತ್ತೇನೆ. ಐದರಿಂದ ಹದಿನೈದು ವರ್ಷದ ಮಕ್ಕಳ ಗಂಟಲಿಗೆ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ತಗಲುತ್ತದೆ. ಅದನ್ನು ಕೊಲ್ಲಲು ದೇಹ ತಯಾರಿಸಿದ ಪಡೆ, ಕೆಲವು ಮಕ್ಕಳಲ್ಲಿ, ಆ ಬ್ಯಾಕ್ಟೀರಿಯಾವನ್ನು ಹೋಲುವ ತನ್ನದೇ ಹೃದಯದ ಕವಾಟದ ಮೇಲೂ ಬೀಳುತ್ತದೆ. ಇದೇ ರುಮ್ಯಾಟಿಕ್ ಜ್ವರ. ಎಲ್ಲ ಗಂಟಲು ನೋವೂ ಇದಲ್ಲ, ಹೆಚ್ಚಿನವು ವೈರಸ್ಸಿನವೇ. ಮೂಗು ಸೋರಿ, ಕೆಮ್ಮು ಇದ್ದರೆ ಸಾಮಾನ್ಯವಾಗಿ ವೈರಸ್ಸು. ಕೆಮ್ಮಿಲ್ಲದೆ ಜೋರು ಜ್ವರ, ನುಂಗಲಾಗದ ನೋವು, ಟಾನ್ಸಿಲ್ ಮೇಲೆ ಬಿಳಿ ಚುಕ್ಕಿ, ಕುತ್ತಿಗೆಯಲ್ಲಿ ನೋಯುವ ಗಂಟು ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಆದರೆ ಮಾತ್ರೆಯಾದರೆ ಪೂರಾ ಹತ್ತು ದಿನ ನುಂಗಬೇಕು. ಮೂರನೇ ದಿನಕ್ಕೆ ಗಂಟಲು ಸರಿಹೋಯಿತೆಂದು ಉಳಿದ ಮಾತ್ರೆಯನ್ನು ಮುಂದಿನ ಸಲಕ್ಕೆ ಎತ್ತಿಡುವ ಮನೆಗಳೇ ಜಾಸ್ತಿ.

ಒಮ್ಮೆ ಈ ಜ್ವರ ಬಂದ ಮಗುವಿಗೆ ಲೆಕ್ಕ ಬೇರೆ. ಮತ್ತೆ ಸ್ಟ್ರೆಪ್ಟೋಕಾಕಸ್ ತಗಲಿದರೆ ಜ್ವರ ಮರುಕಳಿಸುವ ಸಾಧ್ಯತೆ ಇತರ ಮಕ್ಕಳಿಗಿಂತ ಹಲವು ಪಟ್ಟು ಹೆಚ್ಚು, ಪ್ರತಿ ಸಲವೂ ಕವಾಟ ಇನ್ನಷ್ಟು ಹಾಳಾಗುತ್ತದೆ. ‘ಗಂಟಲು ನೋವು ಬಂದಾಗ ಓಡಿ ಬರ್ತೀವಿ ಬಿಡಿ’ ಎನ್ನುವವರಿಗೆ ನಾನು ಹೇಳುವುದು, ಎಷ್ಟೋ ಸಲ ಸೋಂಕು ತಗಲಿದ್ದು ಗಂಟಲಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಬಾರದಂತೆಯೇ ಕಾಯಬೇಕು. ಬೆಂಜಥೀನ್ ಪೆನಿಸಿಲಿನ್ ಸ್ನಾಯುವಿನಲ್ಲಿ ಕೂತು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಮೂರನೇ ವಾರ ದಾಟುತ್ತಿದ್ದಂತೆ ರಕ್ತದಲ್ಲಿ ಅದರ ಪ್ರಮಾಣ ಸಾಲದಾಗುತ್ತದೆ. ನಮ್ಮ ದೇಶದಲ್ಲಿ ಇಪ್ಪತ್ತೊಂದು ದಿನದ ಗಡುವು ಇಟ್ಟಿರುವುದು ಅದಕ್ಕೇ. ಕೆಟ್ಟ ಕವಾಟವನ್ನು ಈ ಸೂಜಿ ರಿಪೇರಿ ಮಾಡುವುದಿಲ್ಲ. ಮತ್ತೆ ಪೆಟ್ಟು ಬೀಳದಿದ್ದರೆ ಅಲ್ಪಸ್ವಲ್ಪದ ಸೋರಿಕೆ ಕಾಲಕ್ರಮದಲ್ಲಿ ತಾನೇ ಕಡಿಮೆಯಾಗಬಹುದು. ಈ ಹುಡುಗಿಗೆ ಇದ್ದ ಆಸೆಯೂ ಅದೇ.

ಅವಳಿಗೆ ಹನ್ನೆರಡು ಲಕ್ಷ ಯೂನಿಟ್ಟಿನ ಡೋಸು. ಬಾಟಲಿಯಲ್ಲಿರುವುದು ಬಿಳಿ ಪುಡಿ, ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಹಾಲಿನಂತಾಗುತ್ತದೆ. ಬೆರೆಸಿ ಸ್ವಲ್ಪ ಹೊತ್ತು ಇಟ್ಟರೂ ತಳಕ್ಕೆ ಕೂತು ಸೂಜಿಯ ತೂತು ಕಟ್ಟಿಕೊಳ್ಳುತ್ತದೆ, ಹಾಗಾದರೆ ಮತ್ತೊಮ್ಮೆ ಚುಚ್ಚಬೇಕು. ಹಾಗಾಗಿ ಮಗು ಮಲಗಿದ ಮೇಲೆಯೇ ಬೆರೆಸುತ್ತೇನೆ, ಸ್ವಲ್ಪ ದಪ್ಪನೆಯ 21 ಗೇಜ್ ಸೂಜಿ ಬಳಸುತ್ತೇನೆ. ಸಿರಿಂಜನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಚುಚ್ಚುವ ಜಾಗವನ್ನು ಹೆಬ್ಬೆರಳಿನಿಂದ ಒಂದಿಷ್ಟು ಹೊತ್ತು ಒತ್ತಿ, ಸ್ಪಿರಿಟ್ ಆರಿದ ಮೇಲೆ ಚುಚ್ಚಿ, ಎರಡು ಮೂರು ನಿಮಿಷ ತೆಗೆದುಕೊಂಡು ನಿಧಾನವಾಗಿ ತಳ್ಳಿದರೆ ನೋವು ಎಷ್ಟೋ ಕಡಿಮೆ. ಸರಸರನೆ ತಳ್ಳಿದವರ ಹತ್ತಿರ ಮಗು ಎರಡನೇ ಸಲ ಬರುವುದಿಲ್ಲ, ನನ್ನ ಅನುಭವದಲ್ಲಿ ಸೂಜಿ ತಪ್ಪಲು ಇದೂ ದೊಡ್ಡ ಕಾರಣ. ಹೊಟ್ಟೆ ತುಂಬ ತಿಂದು ಬರಲು ಹೇಳುತ್ತೇವೆ, ಹಸಿದು ಹೆದರಿದ ಮಕ್ಕಳು ತಲೆಸುತ್ತಿ ಬೀಳುತ್ತಾರೆ. ಆಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುತ್ತೇವೆ. ನಿಜವಾದ ಅಲರ್ಜಿ ಅಪರೂಪ, ಆದರೂ ಅಡ್ರಿನಲಿನ್ ಕೈಗೆಟುಕುವಲ್ಲೇ ಇರಬೇಕು.

ಅವಳು ಎರಡು ವರ್ಷ ಒಂದೂ ತಪ್ಪಿಸಲಿಲ್ಲ. ಎಂಟನೇ ತರಗತಿಗೆ ಬೇರೆ ಊರಿನ ಹಾಸ್ಟೆಲಿಗೆ ಸೇರಿದಳು. ಅಲ್ಲಿ ಒಂದು ಕ್ಲಿನಿಕ್ಕಿನಲ್ಲಿ ರಿಯಾಕ್ಷನ್ ಆದೀತೆಂದು ಚುಚ್ಚಲು ಒಪ್ಪಲಿಲ್ಲ, ಇನ್ನೊಂದು ಕಡೆ ಔಷಧಿ ಇರಲಿಲ್ಲ. ಹುಡುಗಿ ಆಟವಾಡಿಕೊಂಡು ಚೆನ್ನಾಗಿದ್ದಳು, ಮನೆಯವರೂ ಒತ್ತಾಯಿಸಲಿಲ್ಲ. ಮಳೆಗಾಲದಲ್ಲಿ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಹಲವು ಮಕ್ಕಳಿಗೆ ಗಂಟಲು ನೋವು ಬಂತು, ಇವಳಿಗೂ ಬಂತು. ಸ್ವಲ್ಪ ದಿನದಲ್ಲೇ ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಚಪ್ಪಟೆಯಾಗಿ ಮಲಗಿದರೆ ಉಸಿರುಕಟ್ಟು. ಈ ಸಲ ಕೀಲು ನೋಯಲೇ ಇಲ್ಲ. ಎಕೋದಲ್ಲಿ ಕವಾಟದ ಸೋರಿಕೆ ತೀವ್ರ ಎಂದು ಬಂತು.

ಈಗ ಅವಳಿಗೆ ಲೋಹದ ಕವಾಟ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ, ಆಗಾಗ ಐಎನ್‌ಆರ್ ಪರೀಕ್ಷೆ. ಮದುವೆಯಾಗಿ ಬಸಿರಾದರೆ ಆ ಮಾತ್ರೆಯದೇ ದೊಡ್ಡ ಚಿಂತೆ. ಕವಾಟ ಬದಲಾಯಿಸಿದ ಮೇಲೂ ಪೆನಿಸಿಲಿನ್ ನಿಲ್ಲುವುದಿಲ್ಲ ಎಂದಾಗ ತಾಯಿಗೆ ನಂಬಿಕೆಯೇ ಬರಲಿಲ್ಲ. ‘ಹೊಸಾದು ಹಾಕಿದ್ರಲ್ಲ ಸಿಸ್ಟ್ರೇ?’ ಎಂದರು. ಉಳಿದ ಕವಾಟಗಳು ಹಳೆಯವೇ ಅಲ್ಲವೇ, ಜ್ವರ ಬಂದರೆ ಅವುಗಳ ಮೇಲೆ ಬೀಳುತ್ತದೆ.

ಸೂಜಿಯಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ಓದಿದ ಅಪ್ಪಂದಿರು ಕೇಳಿದರೆ ನಮ್ಮ ವೈದ್ಯರು ಉಗಾಂಡಾದ ಅಧ್ಯಯನದ ಮಾತು ತೆಗೆಯುತ್ತಾರೆ. 2021ರಲ್ಲಿ ಪ್ರಕಟವಾದ ಅದರಲ್ಲಿ, ಎಕೋದಲ್ಲಿ ಮಾತ್ರ ಕಾಣುವಷ್ಟು ಆರಂಭದ ಕಾಯಿಲೆಯಿದ್ದ 818 ಮಕ್ಕಳನ್ನು ಎರಡು ವರ್ಷ ಗಮನಿಸಿದರು. ಪೆನಿಸಿಲಿನ್ ಪಡೆದವರಲ್ಲಿ ಕಾಯಿಲೆ ಮುಂದುವರಿದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಪಡೆಯದವರಲ್ಲಿ ನೂರಕ್ಕೆ ಎಂಟು.

ಸೂಜಿ ಎಷ್ಟು ವರ್ಷ ಎಂಬುದು ಹೃದಯಕ್ಕೆ ಎಷ್ಟು ಪೆಟ್ಟಾಗಿದೆ ಎನ್ನುವುದರ ಮೇಲಿದೆ. ಹೃದಯಕ್ಕೆ ತಗಲದಿದ್ದರೆ ಐದು ವರ್ಷ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಹೆಚ್ಚೋ ಅದು. ತಗಲಿ ವಾಸಿಯಾಗಿದ್ದರೆ ಹತ್ತು ವರ್ಷ ಅಥವಾ ಇಪ್ಪತ್ತೈದರವರೆಗೆ. ಕವಾಟ ತೀವ್ರವಾಗಿ ಕೆಟ್ಟಿದ್ದರೆ ನಲವತ್ತರವರೆಗೆ, ಇಲ್ಲವೇ ಬದುಕಿರುವವರೆಗೆ. ಕವಾಟ ಬಹಳ ಕೆಟ್ಟು ಹೃದಯ ಸೋತವರಿಗೆ ಸೂಜಿಯ ಬದಲು ದಿನಾ ಎರಡು ಹೊತ್ತಿನ ಮಾತ್ರೆಯನ್ನೇ ವೈದ್ಯರು ಕೊಡಬಹುದು, ಪೆನಿಸಿಲಿನ್ ಒಗ್ಗದವರಿಗೆ ಬೇರೆ ಮಾತ್ರೆಯಿದೆ.

ನಿಮ್ಮ ಮನೆಯಲ್ಲಿ ಇಂಥ ಮಗುವಿದ್ದು ಶಾಲೆಯೋ ಊರೋ ಬದಲಾಗುವುದಿದ್ದರೆ, ಹಾಸ್ಟೆಲಿನ ಹಾಸಿಗೆ ಹೊಂದಿಸುವ ಮೊದಲು ಅಲ್ಲಿ ಈ ಸೂಜಿ ಚುಚ್ಚುವವರು ಯಾರು ಎಂದು ವಿಚಾರಿಸಿ. ಹೃದಯದ ವೈದ್ಯರ ಚೀಟಿ, ದಿನಾಂಕ ಬರೆದ ಕಾರ್ಡು ಮಗುವಿನ ಜೊತೆ ಕಳಿಸಿ, ವಾರ್ಡನ್‌ಗೆ ತಿಳಿಸಿ. ಹದಿನೆಂಟನೇ ದಿನಕ್ಕೆ ಬೇಕಾದರೆ ಕರೆತನ್ನಿ, ಇಪ್ಪತ್ತೆರಡಕ್ಕೆ ದೂಡಬೇಡಿ. ನಿಲ್ಲಿಸಿ ಎಂದು ಹೇಳಬೇಕಾದವರು ಎಕೋ ನೋಡಿದ ಹೃದಯದ ವೈದ್ಯರು ಮಾತ್ರ.