ರಾಶಿ ಯಂತ್ರದ ಗಿರಾಕಿಗಳನ್ನು ಕೇಳುವ ಬಗೆ

ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣಿಹಳ್ಳದ ದಂಡೆಯ ಊರು. ಸುತ್ತಲಿನ ಎರೆಭೂಮಿಯಲ್ಲಿ ಹಿಂಗಾರಿಗೆ ಕಡಲೆ ಬಿತ್ತುವವರು ಬಹಳ. ಕಡಲೆ ಕಿತ್ತು ಒಟ್ಟಿದ ಮೇಲೆ ಎಲ್ಲರಿಗೂ ಒಂದೇ ವಾರದಲ್ಲಿ ರಾಶಿ ಯಂತ್ರ ಬೇಕಾಗುತ್ತದೆ. ರಾಜ್ಯದಲ್ಲಿ 2014ರಿಂದೀಚೆಗೆ ಕೃಷಿ ಯಂತ್ರಧಾರೆ ಕೇಂದ್ರಗಳು ಯಂತ್ರಗಳನ್ನು ಬಾಡಿಗೆಗೆ ಕೊಡತೊಡಗಿದವು. ರೈತರ ಗುಂಪುಗಳೂ ತಾವೇ ಯಂತ್ರ ಕೊಂಡು ಇದೇ ಕೆಲಸ ಮಾಡುವುದುಂಟು. ಇಂತಹ ಒಂದು ಗುಂಪು ಎರಡನೆಯ ಯಂತ್ರಕ್ಕಾಗಿ ಸಾಲ ಎತ್ತುವ ಯೋಚನೆಯಲ್ಲಿದೆ ಎಂದು ಇಟ್ಟುಕೊಳ್ಳೋಣ. ಸಾಲ ಎತ್ತುವ ಮುಂಚೆ, ಈ ವರ್ಷ ಬಂದ ಗಿರಾಕಿಗಳು ಮುಂದಿನ ವರ್ಷವೂ ಬರುವರೇ ಎಂಬುದು ತಿಳಿಯಬೇಕು. ಅದಕ್ಕಾಗಿ ಒಂದು ಚೀಟಿ ಅಚ್ಚು ಹಾಕಿಸಿ ಹಂಚುತ್ತಾರೆ. ತುಂಬಿ ಬಂದ ಚೀಟಿಗಳಲ್ಲೆಲ್ಲ ಹೊಗಳಿಕೆಯೇ ಇರುತ್ತದೆ. ಸಾಲ ಮಂಜೂರಾಗುತ್ತದೆ. ಮುಂದಿನ ಸುಗ್ಗಿಯಲ್ಲಿ ಗಿರಾಕಿಗಳು ಬೇರೆ ಊರಿನ ಯಂತ್ರ ಕರೆಸಿಕೊಂಡರೆ ಹೊಸ ಯಂತ್ರ ಶೆಡ್ಡಿನಲ್ಲಿ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಇಲ್ಲಿ ಗಿರಾಕಿಗಳು ಸುಳ್ಳು ಹೇಳಿದರು ಎನ್ನುವಂತಿಲ್ಲ. ಚೀಟಿಯೇ ಅವರ ಬಾಯಲ್ಲಿ ಆ ಉತ್ತರವನ್ನು ಇಟ್ಟಿರುತ್ತದೆ.

ಸಾಮಾನ್ಯವಾಗಿ ಮೊದಲ ಬಾರಿ ಬರೆಯುವ ಚೀಟಿ ಹೀಗಿರುತ್ತದೆ:

1. ನಮ್ಮ ಯಂತ್ರದಿಂದ ನಿಮ್ಮ ಕಡಲೆ ರಾಶಿ ಚೆನ್ನಾಗಿ ಆಯಿತಲ್ಲವೇ?
2. ನಮ್ಮ ಡ್ರೈವರು ಹೇಳಿದ ವೇಳೆಗೆ ಬಂದು ಸ್ವಚ್ಛವಾಗಿ ರಾಶಿ ಮಾಡಿಕೊಟ್ಟರೇ?
3. ರೈತರ ಹಿತಕ್ಕಾಗಿ ಬಾಡಿಗೆ ಕಡಿಮೆ ಇಟ್ಟಿರುವುದು ನಿಮಗೆ ಸಂತೋಷ ತಂದಿದೆಯೇ?
4. ಒಟ್ಟಿನಲ್ಲಿ ಸೇವೆ: ಅತ್ಯುತ್ತಮ / ಬಹಳ ಉತ್ತಮ / ಉತ್ತಮ / ಸಾಧಾರಣ

ಮೊದಲನೆಯ ಪ್ರಶ್ನೆಯ ದೋಷವೆಲ್ಲ ಕೊನೆಯ ‘ಅಲ್ಲವೇ’ ಎಂಬುದರಲ್ಲಿದೆ. ಮನೆಗೆ ಬಂದವರು “ರಾಶಿ ಛಲೋ ಆತಲ್ರೀ?” ಎಂದು ಕೇಳಿದರೆ “ಹೂಂನ್ರಿ” ಎನ್ನುವುದು ಈ ಭಾಗದ ಮರ್ಯಾದೆ. ‘ಇಲ್ಲ’ ಎನ್ನಬೇಕಾದರೆ ಎದುರಿನವರ ಮಾತನ್ನು ಮುರಿಯಬೇಕಾಗುತ್ತದೆ. ‘ಅಲ್ಲವೇ’ ತೆಗೆದು “ಚೆನ್ನಾಗಿ ಆಯಿತೇ?” ಎಂದು ಕೇಳಿದರೂ ಅರ್ಧ ದೋಷ ಉಳಿಯುತ್ತದೆ. ಏಕೆಂದರೆ ‘ಚೆನ್ನಾಗಿ’ ಎಂಬ ಉತ್ತರವನ್ನು ಪ್ರಶ್ನೆಯೇ ಮುಂದೆ ಹಿಡಿದಿದೆ. “ರಾಶಿ ಹೇಗಾಯಿತು?” ಎಂಬುದರಲ್ಲಿ ಈ ಒತ್ತಡವಿಲ್ಲ. ಒಂದು ಶಬ್ದದ ಬಲ ಎಷ್ಟೆಂಬುದನ್ನು ಅಮೆರಿಕದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತೋರಿಸಿತು. ಕಾರುಗಳ ಅಪಘಾತದ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಕಾರುಗಳ ವೇಗ ಎಷ್ಟಿತ್ತೆಂದು ಕೇಳಲಾಯಿತು. ‘ಅಪ್ಪಳಿಸಿ ನುಚ್ಚಾದವು’ ಎಂಬ ಅರ್ಥದ ಶಬ್ದ ಬಳಸಿ ಕೇಳಿದಾಗ ಸರಾಸರಿ ಉತ್ತರ ಗಂಟೆಗೆ 40 ಮೈಲಿ ದಾಟಿತು. ‘ತಾಕಿದವು’ ಎಂಬ ಅರ್ಥದ ಶಬ್ದ ಬಳಸಿದಾಗ ಅದು 32 ಮೈಲಿಯ ಸಮೀಪವಿತ್ತು. ನೋಡಿದ್ದ ಚಿತ್ರಗಳು ಎಲ್ಲರಿಗೂ ಒಂದೇ.

ಎರಡನೆಯ ಪ್ರಶ್ನೆಯಲ್ಲಿ ಎರಡು ಸಂಗತಿಗಳನ್ನು ಒಂದೇ ನೊಗಕ್ಕೆ ಹೂಡಲಾಗಿದೆ. ಡ್ರೈವರು ಎರಡು ದಿನ ತಡವಾಗಿ ಬಂದು ರಾಶಿಯನ್ನು ಸ್ವಚ್ಛವಾಗಿ ಮಾಡಿಕೊಟ್ಟಿದ್ದರೆ ಗಿರಾಕಿ ಏನೆಂದು ಬರೆಯಬೇಕು? ಸಾಮಾನ್ಯವಾಗಿ ಆತ ‘ಹೌದು’ ಎಂದೇ ಬರೆಯುತ್ತಾನೆ, ತಡವಾದದ್ದು ಅದರ ಕೆಳಗೆ ಮುಚ್ಚಿಹೋಗುತ್ತದೆ. ಮೂರನೆಯದು ಪ್ರಶ್ನೆಯೇ ಅಲ್ಲ. ಬಾಡಿಗೆ ಕಡಿಮೆ ಎಂದೂ, ಅದು ರೈತರ ಹಿತಕ್ಕೆಂದೂ ತಾನೇ ತೀರ್ಪು ಕೊಟ್ಟುಕೊಂಡು, ಆಮೇಲೆ ಸಂತೋಷವೇ ಎಂದು ಅದು ಕೇಳುತ್ತದೆ. ನಾಲ್ಕನೆಯದರಲ್ಲಿ ಹೊಗಳಲು ಮೂರು ಮನೆಗಳಿವೆ, ತೆಗಳಲು ಒಂದೂ ಇಲ್ಲ. ರಾಶಿ ಕೆಟ್ಟು ಹೋದವನೂ ‘ಸಾಧಾರಣ’ ಎಂದೇ ಗುರುತು ಮಾಡಬೇಕು.

ಅಳತೆಯ ಮನೆಗಳನ್ನು ಎರಡೂ ಕಡೆ ಸಮನಾಗಿ ಇಡಬೇಕು: ಬಹಳ ಚೆನ್ನ, ಚೆನ್ನ, ನಡುವಿನದು, ಕೆಟ್ಟದ್ದು, ಬಹಳ ಕೆಟ್ಟದ್ದು. ನಡುವಿನ ಮನೆಯ ಹೆಸರಿನಲ್ಲಿ ಧಾರವಾಡದ ಕಡೆ ವಿಶೇಷ ಎಚ್ಚರ ಬೇಕು. ‘ಅಡ್ಡಿಯಿಲ್ಲ’ ಎಂಬುದನ್ನು ಅಲ್ಲಿ ಬರೆಯುವ ಮನಸ್ಸು ಯಾರಿಗಾದರೂ ಬರುತ್ತದೆ. ಆದರೆ ಇಲ್ಲಿಯವರ ಬಾಯಲ್ಲಿ “ಅಡ್ಡಿಯಿಲ್ರಿ” ಎಂದರೆ ಒಮ್ಮೆ ‘ಒಳ್ಳೆಯದೇ ಇತ್ತು’ ಎಂದಾಗುತ್ತದೆ, ಇನ್ನೊಮ್ಮೆ ‘ಏನೋ ನಡೆದುಹೋಯಿತು’ ಎಂದು. ಧ್ವನಿ ಕೇಳಿದರೆ ವ್ಯತ್ಯಾಸ ತಿಳಿದೀತು, ಚೀಟಿಯ ಮೇಲಿನ ಗುರುತಿಗೆ ಧ್ವನಿಯಿಲ್ಲ. ‘ಚೆನ್ನವೂ ಅಲ್ಲ, ಕೆಟ್ಟದ್ದೂ ಅಲ್ಲ’ ಎಂದು ಬಿಡಿಸಿ ಬರೆಯುವುದೇ ವಾಸಿ. ಬಾಯಿಮಾತಿನಲ್ಲಿ ಕೇಳುವಾಗ ಯಾರಾದರೂ “ಅಡ್ಡಿಯಿಲ್ರಿ” ಎಂದರೆ ಕೇಳುವವನು ತಾನೇ ಒಂದು ಮನೆಗೆ ಗುರುತು ಹಾಕಬಾರದು. ಐದೂ ಮನೆಗಳನ್ನು ಓದಿ ಹೇಳಿ, ಇವುಗಳಲ್ಲಿ ಯಾವುದೆಂದು ಮತ್ತೆ ಕೇಳಬೇಕು.

ಅಭಿಪ್ರಾಯಕ್ಕಿಂತ ನಡೆದ ಸಂಗತಿಯನ್ನು ಕೇಳುವುದು ಇನ್ನೂ ಮೇಲು. “ಯಂತ್ರ ತಡವಾಯಿತೇ?” ಎಂದರೆ ದಾಕ್ಷಿಣ್ಯ ಅಡ್ಡ ಬರುತ್ತದೆ. “ಹೆಸರು ಬರೆಸಿದ ಎಷ್ಟನೆಯ ದಿನ ಯಂತ್ರ ಬಂತು?” ಎಂದರೆ ಯಾರನ್ನೂ ದೂರಿದಂತಾಗುವುದಿಲ್ಲ, ಅಂಕಿ ಸಿಗುತ್ತದೆ. ಕಾಳಿನ ವಿಷಯವೂ ಹಾಗೆಯೇ. ಡ್ರಮ್ಮಿನ ವೇಗ ಹೆಚ್ಚಾದರೆ ಕಾಳು ಒಡೆಯುತ್ತದೆ, ಗಾಳಿ ಹೆಚ್ಚಾದರೆ ಕಾಳು ಹೊಟ್ಟಿನ ಜೊತೆ ಹಾರಿಹೋಗುತ್ತದೆ. ಇವೆರಡನ್ನೂ ರೈತ ಕಣ್ಣಾರೆ ಕಂಡಿರುತ್ತಾನೆ. ಹೀಗೆ ತಿದ್ದಿದ ಚೀಟಿ ಇದು:

1. ಹೆಸರು ಬರೆಸಿದ ಎಷ್ಟನೆಯ ದಿನ ಯಂತ್ರ ಹೊಲಕ್ಕೆ ಬಂತು? ____
2. ಕಾಳಿನಲ್ಲಿ ಒಡಕು ಎಷ್ಟು ಕಂಡಿತು? ಇಲ್ಲ / ಸ್ವಲ್ಪ / ಬಹಳ / ನೋಡಲಿಲ್ಲ
3. ಹೊಟ್ಟಿನಲ್ಲಿ ಕಾಳು ಎಷ್ಟು ಕಂಡಿತು? ಇಲ್ಲ / ಸ್ವಲ್ಪ / ಬಹಳ / ನೋಡಲಿಲ್ಲ
4. ಕೊಟ್ಟ ಬಾಡಿಗೆ, ಆದ ಕೆಲಸಕ್ಕೆ: ಬಹಳ ಹೆಚ್ಚು / ಹೆಚ್ಚು / ಸರಿ / ಕಡಿಮೆ / ಬಹಳ ಕಡಿಮೆ
5. ಒಟ್ಟಿನಲ್ಲಿ ಈ ರಾಶಿ: ಬಹಳ ಕೆಟ್ಟದ್ದು / ಕೆಟ್ಟದ್ದು / ಚೆನ್ನವೂ ಅಲ್ಲ, ಕೆಟ್ಟದ್ದೂ ಅಲ್ಲ / ಚೆನ್ನ / ಬಹಳ ಚೆನ್ನ
6. ಮುಂದಿನ ಸಲ ಬದಲಾಗಬೇಕಾದದ್ದು ಇದ್ದರೆ ಯಾವುದು? ಹಾಗೆಯೇ ಇರಬೇಕಾದದ್ದು ಇದ್ದರೆ ಯಾವುದು? ____

‘ನೋಡಲಿಲ್ಲ’ ಎಂಬ ಮನೆ ಬಿಟ್ಟುಹೋಗಬಾರದು. ಅದಿಲ್ಲದಿದ್ದರೆ ರಾಶಿಯ ದಿನ ಊರಲ್ಲಿಲ್ಲದವನೂ ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿಬಿಡುತ್ತಾನೆ, ಅದು ಯಂತ್ರಕ್ಕೆ ಬಂದ ಹೊಗಳಿಕೆಯ ಲೆಕ್ಕಕ್ಕೆ ಸೇರುತ್ತದೆ. ಕಣದಲ್ಲಿ ನಿಂತು ಹೊಟ್ಟು ಬಾಚಿದವರು ಮನೆಯ ಹೆಣ್ಣುಮಕ್ಕಳಾಗಿದ್ದರೆ ಚೀಟಿ ಅವರ ಕೈಗೆ ಹೋಗಬೇಕು. ಕೊನೆಯ ಪ್ರಶ್ನೆಯಲ್ಲಿ ಬದಲಾವಣೆ, ಹಾಗೆಯೇ ಉಳಿಯುವಿಕೆ ಎರಡನ್ನೂ ಕೇಳಿದೆ. ಒಂದನ್ನೇ ಕೇಳಿದರೆ ಚೀಟಿ ದೂರಿನ ಕಡೆಗೋ ಮೆಚ್ಚುಗೆಯ ಕಡೆಗೋ ವಾಲುತ್ತದೆ. ಒಟ್ಟಾರೆ ಅಭಿಪ್ರಾಯವನ್ನು ಐದನೆಯದಾಗಿ ಇಟ್ಟದ್ದಕ್ಕೂ ಕಾರಣವಿದೆ. ಅದನ್ನೇ ಮೊದಲು ಕೇಳಿದರೆ ‘ಬಹಳ ಚೆನ್ನ’ ಎಂದವನು ಮುಂದಿನ ಉತ್ತರಗಳನ್ನೂ ಅದಕ್ಕೆ ಹೊಂದಿಸುತ್ತಾನೆ. ಆದರೆ ಕೊನೆಗಿಟ್ಟಾಗಲೂ ಒಂದು ತೊಡಕುಂಟು: ಒಡಕು, ಹೊಟ್ಟು ಎಂದು ನೆನಪಿಸಿದ ಮೇಲೆ ಕೆಲವರು ತುಸು ಬಿಗಿಯಾಗಿಯೇ ಗುರುತು ಹಾಕುತ್ತಾರೆ. ಆದ್ದರಿಂದ ವರ್ಷದಿಂದ ವರ್ಷಕ್ಕೆ ಹೋಲಿಸಬೇಕೆಂದರೆ ಪ್ರಶ್ನೆಗಳ ಕ್ರಮವನ್ನು ಬದಲಿಸತಕ್ಕದ್ದಲ್ಲ.

ಚೀಟಿ ಎಷ್ಟೇ ನೇರವಾಗಿದ್ದರೂ ಕೇಳುವವರು ತಪ್ಪಾಗಿದ್ದರೆ ಫಲವಿಲ್ಲ. ಡ್ರೈವರೇ ಚೀಟಿ ಕೊಟ್ಟು ಪಕ್ಕದಲ್ಲಿ ನಿಂತರೆ ಆತನ ಎದುರು ಯಾರೂ ಒಡಕು ಕಾಳಿನ ಮಾತು ಎತ್ತುವುದಿಲ್ಲ. ಬಾಡಿಗೆಯನ್ನು ಉದ್ರಿ ಇಟ್ಟವನಂತೂ ಗುಂಪಿನ ಕಾರ್ಯದರ್ಶಿಯ ಮುಂದೆ ಹೊಗಳಿಕೆ ಬಿಟ್ಟು ಬೇರೇನೂ ಬರೆಯಲಾರ. ಗುಂಪಿಗೆ ಸೇರದ, ಊರಿಗೆ ಪರಿಚಿತನಾದ ಒಬ್ಬ ಓದಿದ ಹುಡುಗನಿಂದ ಕೇಳಿಸುವುದು ಒಳ್ಳೆಯದು. ಚೀಟಿಯ ಮೇಲೆ ಹೆಸರು ಬೇಡ. ಮಡಿಚಿ ಡಬ್ಬಿಗೆ ಹಾಕುವಂತಿರಲಿ. ಓದಲು ಬಾರದವರಿಗೆ ಪ್ರಶ್ನೆಯನ್ನು ಬರೆದಂತೆಯೇ ಓದಿ ಹೇಳಬೇಕು, ತನ್ನ ಮಾತಿನಲ್ಲಿ ಬಿಡಿಸಿ ಹೇಳಹೊರಟರೆ ‘ಅಲ್ಲವೇ’ ಮತ್ತೆ ನುಸುಳುತ್ತದೆ. ರಾಶಿಯಾದ ಹದಿನೈದು ದಿನಗಳ ಒಳಗೆ ಕೇಳಿ ಮುಗಿಸಿದರೆ ನೆನಪು ಹಸಿಯಾಗಿರುತ್ತದೆ. ತಡವಾದರೆ ದಿನಗಳನ್ನು ತಾರೀಖಿನಿಂದ ಕೇಳುವ ಬದಲು ಅಮಾವಾಸ್ಯೆಗೆ ಮುಂಚೆಯೋ ಆಮೇಲೋ, ಹೋಳಿ ಹುಣ್ಣಿಮೆಯ ನಂತರದ ಯಮನೂರ ಜಾತ್ರೆಗೆ ಮುಂಚೆಯೋ ಆಮೇಲೋ ಎಂದು ಕೇಳಿದರೆ ಉತ್ತರ ಹೆಚ್ಚು ಸರಿಯಾಗಿರುತ್ತದೆ.

ಯಾರನ್ನು ಕೇಳಬೇಕು ಎಂಬುದಕ್ಕೆ ಬಾಡಿಗೆಯ ವಹಿಯನ್ನೇ ಆಧಾರ ಮಾಡಿಕೊಳ್ಳಬೇಕು. ಕಟ್ಟೆಯ ಮೇಲೆ ಸಿಕ್ಕವರನ್ನು ಕೇಳಿದರೆ ಸ್ನೇಹಿತರೇ ಸಿಗುತ್ತಾರೆ. ವಹಿಯಲ್ಲಿ 120 ಹೆಸರುಗಳಿದ್ದರೆ ಪ್ರತಿ ನಾಲ್ಕನೆಯ ಹೆಸರನ್ನು ಹಿಡಿದರೆ 30 ಮಂದಿ ಆಗುತ್ತಾರೆ. ಸಿಗದವರ ಬದಲು ಬೇರೆಯವರನ್ನು ತುಂಬದೆ, ಮತ್ತೆ ಎರಡು ಸಲ ಹೋಗಿ ನೋಡಬೇಕು. ಇದರ ಜೊತೆಗೆ, ಹೆಸರು ಬರೆಸಿ ಆಮೇಲೆ ಯಂತ್ರ ಬೇಡವೆಂದವರು, ಕಳೆದ ವರ್ಷ ಬಂದು ಈ ವರ್ಷ ಬಾರದವರು, ಇವರ ಪಟ್ಟಿಯನ್ನು ಬೇರೆಯಾಗಿ ಮಾಡಬೇಕು. ಇವರಿಗೆ ಆರು ಪ್ರಶ್ನೆ ಬೇಡ, “ಈ ವರ್ಷ ರಾಶಿ ಯಾವ ರೀತಿಯಿಂದ ಮಾಡಿಸಿದಿರಿ? ಹಾಗೇಕೆ?” ಎಂಬೆರಡೇ ಸಾಕು. ಬೇಸರಗೊಂಡವರು ಇರುವುದು ಈ ಪಟ್ಟಿಯಲ್ಲೇ. ಉಳಿದವರನ್ನು ಮಾತ್ರ ಕೇಳುವ ಸಮೀಕ್ಷೆಗೆ ಇವರು ಎಂದೂ ಸಿಗುವುದಿಲ್ಲ.

ಅಚ್ಚು ಹಾಕಿಸುವ ಮೊದಲು ಎಂಟು ಹತ್ತು ಜನರ ಮೇಲೆ ಚೀಟಿಯನ್ನು ಪರೀಕ್ಷಿಸಿ ನೋಡಬೇಕು. ಯಾವುದಾದರೂ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಟ್ಟರೆ ಆ ಪ್ರಶ್ನೆಯನ್ನು ಸಂಶಯದಿಂದ ನೋಡಬೇಕು. ಉತ್ತರ ನಿಜವೇ ಇರಬಹುದು, ಅಥವಾ ಪ್ರಶ್ನೆಯೇ ಅವರನ್ನು ಒಂದು ಕಡೆ ನೂಕಿರಬಹುದು. ಅದನ್ನು ತಿರುವಿ ಬರೆದು ಬೇರೆ ಹತ್ತು ಜನರನ್ನು ಕೇಳಿದರೆ ತಿಳಿಯುತ್ತದೆ. ‘ಬಾಡಿಗೆ ಸರಿಯಾಗಿದೆ’ ಎಂಬುದಕ್ಕೆ ಹತ್ತೂ ಜನ ‘ಹೌದು’ ಎಂದು, ‘ಬಾಡಿಗೆ ಹೆಚ್ಚಾಗಿದೆ’ ಎಂಬುದಕ್ಕೂ ಬೇರೆ ಹತ್ತರಲ್ಲಿ ಏಳೆಂಟು ಜನ ‘ಹೌದು’ ಎಂದರೆ ಅವರು ಬಾಡಿಗೆಯ ಬಗ್ಗೆ ಏನನ್ನೂ ಹೇಳಿಲ್ಲ, ಕೇಳಿದವನಿಗೆ ಹೂಂ ಎಂದಿದ್ದಾರೆ ಅಷ್ಟೆ.

ಬಂದ ಚೀಟಿಗಳನ್ನು ಓದುವಾಗ ಮನೆಗಳಿಗೆ ಅಂಕ ಕೊಟ್ಟು ಸರಾಸರಿ ತೆಗೆಯುವ ಗೋಜಿಗೆ ಹೋಗದೆ, ಪ್ರತಿ ಮನೆಯಲ್ಲಿ ಎಷ್ಟು ಗುರುತುಗಳೆಂದು ಎಣಿಸಿದರೆ ಸಾಕು. 30 ಚೀಟಿಗಳ ಮಿತಿಯನ್ನೂ ನೆನಪಿನಲ್ಲಿಡಬೇಕು. 15 ಮಂದಿ, ಅಂದರೆ ಅರ್ಧದಷ್ಟು ಜನ, ‘ಚೆನ್ನ’ ಎಂದಿದ್ದರೆ 120 ಗಿರಾಕಿಗಳಲ್ಲಿ ಹಾಗೆನ್ನುವವರು ನೂರಕ್ಕೆ ಸುಮಾರು 35ರಿಂದ 65ರ ನಡುವೆ ಎಲ್ಲಿಯಾದರೂ ಇರಬಹುದು. ಆದ್ದರಿಂದ ಕಳೆದ ವರ್ಷಕ್ಕಿಂತ ಎರಡು ಮೂರು ಗುರುತು ಹೆಚ್ಚಾದದ್ದಕ್ಕೆ ಹಿಗ್ಗಬೇಕಾಗಿಲ್ಲ, ಕಡಿಮೆಯಾದದ್ದಕ್ಕೆ ಕುಗ್ಗಬೇಕಾಗಿಯೂ ಇಲ್ಲ. ಹೋಲಿಕೆಯನ್ನು ಚೀಟಿಗಳ ಒಳಗೇ ಮಾಡಬಹುದು. ಮೂರು ದಿನದೊಳಗೆ ಯಂತ್ರ ಬಂದವರ ಚೀಟಿಗಳನ್ನು ಒಂದು ಕಡೆ, ಆರು ದಿನ ದಾಟಿದವರ ಚೀಟಿಗಳನ್ನು ಇನ್ನೊಂದು ಕಡೆ ಇಟ್ಟು ಐದನೆಯ ಉತ್ತರ ನೋಡಬೇಕು. ‘ಕೆಟ್ಟದ್ದು’ ಎಂಬ ಗುರುತುಗಳು ಹೆಚ್ಚು ಕಡಿಮೆ ಎಲ್ಲವೂ ಎರಡನೆಯ ಕಟ್ಟಿನಲ್ಲಿದ್ದು, ಬಿಟ್ಟುಹೋದವರೂ ತಡವನ್ನೇ ಕಾರಣವಾಗಿ ಹೇಳಿದ್ದರೆ ಎರಡನೆಯ ಯಂತ್ರದ ಮಾತಿಗೆ ಅರ್ಥವಿದೆ. ಆ ಗುರುತುಗಳು ಎರಡೂ ಕಟ್ಟುಗಳಲ್ಲಿ ಹರಡಿಕೊಂಡಿದ್ದು, ಒಡಕು ‘ಬಹಳ’ ಎಂದವರ ಚೀಟಿಗಳಲ್ಲೇ ಕಂಡರೆ, ಸಾಲಕ್ಕೆ ಅರ್ಜಿ ಹಾಕುವ ಮೊದಲು ಇರುವ ಯಂತ್ರದ ಡ್ರಮ್ಮಿನ ವೇಗವನ್ನು ಇಳಿಸಿ ನೋಡಬೇಕು.