ನಿದ್ದೆ ಮಾತ್ರೆ ಬಿಡುವ ಮುನ್ನ ಮಿದುಳಿನ ಲೆಕ್ಕ

52 ವರ್ಷದ ಒಬ್ಬ ಶಿಕ್ಷಕಿ ಎಂದುಕೊಳ್ಳಿ. ಮೂರು ವರ್ಷದ ಹಿಂದೆ ಗಂಡನ ಆಪರೇಷನ್ ಹೊತ್ತಿನಲ್ಲಿ ನಿದ್ದೆ ಕೆಟ್ಟಾಗ ವೈದ್ಯರು ಹತ್ತು ದಿನಕ್ಕೆಂದು 0.5 ಮಿಲಿಗ್ರಾಂ ಆಲ್‌ಪ್ರಜೋಲಾಮ್ ಬರೆದುಕೊಟ್ಟರು. ಹತ್ತು ದಿನದ ಮಾತ್ರೆ ಮೂರು ವರ್ಷ ನಡೆಯಿತು. "ಅಕ್ಕಾ, ಇದನ್ನ ನುಂಗಿ ನುಂಗಿ ಮರೆವು ಜಾಸ್ತಿಯಾಗಿದೆ ನಿನಗೆ" ಎಂದು ತಂಗಿ ಅಂದ ದಿನವೇ ಸ್ಟ್ರಿಪ್ ಕಸದ ಬುಟ್ಟಿ ಸೇರಿತು. ಎರಡನೆಯ ದಿನಕ್ಕೆ ಕೈ ನಡುಕ. ಕುಕ್ಕರ್ ಕೂಗಿದರೆ ಎದೆ ಧಸಕ್ಕೆನ್ನುತ್ತದೆ, ಟ್ಯೂಬ್‌ಲೈಟ್ ಕಣ್ಣಿಗೆ ಚುಚ್ಚುತ್ತದೆ, ರಾತ್ರಿಯಿಡೀ ರೆಪ್ಪೆ ಅಂಟುವುದಿಲ್ಲ. ಮೂರನೆಯ ದಿನ ಮತ್ತೆ ಮೆಡಿಕಲ್ ಶಾಪ್. ಮಾತ್ರೆಯಿಲ್ಲದೆ ತನ್ನಿಂದ ಆಗದು ಎಂದು ಅವರು ತೀರ್ಮಾನಿಸುತ್ತಾರೆ. ಆ ತೀರ್ಮಾನ ತಪ್ಪು. ಕೆಟ್ಟದ್ದು ಬಿಟ್ಟ ರೀತಿ.

ಒಲೆಯ ಮೇಲಿನ ಹಾಲನ್ನು ನೆನಪಿಸಿಕೊಳ್ಳಿ. ಮಿದುಳಿನ ನರಕೋಶವನ್ನು ಕಾಯಿಸುವ ಬೆಂಕಿ ಗ್ಲುಟಮೇಟ್. ಅದು ಕೋಶದೊಳಕ್ಕೆ ಧನ ವಿದ್ಯುದಂಶದ ಸೋಡಿಯಂ, ಕ್ಯಾಲ್ಸಿಯಂ ಹರಿಯುವ ಬಾಗಿಲು ತೆರೆಯುತ್ತದೆ. ಒಂದು ಮಟ್ಟ ದಾಟಿದರೆ ಕೋಶ 'ಉಕ್ಕಿ' ಮುಂದಿನ ಕೋಶಕ್ಕೆ ಸಂದೇಶ ದಾಟಿಸುತ್ತದೆ. ಉಕ್ಕುವ ಹಾಲಿಗೆ ತಣ್ಣೀರು ಚಿಮುಕಿಸುವ ಕೆಲಸ ಗಾಬಾದ್ದು. ಅದು ತೆರೆಯುವುದು ಕ್ಲೋರೈಡ್‌ನ ಬಾಗಿಲನ್ನು. ಋಣ ವಿದ್ಯುದಂಶದ ಕ್ಲೋರೈಡ್ ಒಳಬಂದಷ್ಟೂ ಕೋಶ ಉಕ್ಕುವುದು ಕಷ್ಟ. ಸೋಜಿಗವೆಂದರೆ ಆ ನೀರು ತಯಾರಾಗುವುದು ಬೆಂಕಿಯಿಂದಲೇ: ಗ್ಲುಟಮೇಟನ್ನು ಒಂದು ಕಿಣ್ವ, ಬಿ6 ಜೀವಸತ್ವದ ನೆರವಿನಿಂದ, ಗಾಬಾ ಆಗಿ ಬದಲಿಸುತ್ತದೆ.

ಆಲ್‌ಪ್ರಜೋಲಾಮ್, ಕ್ಲೊನಾಜೆಪಾಮ್, ಡಯಜೆಪಾಮ್ ಎಲ್ಲವೂ ಬೆಂಜೊಡಯಜೆಪಿನ್ ಎಂಬ ಒಂದೇ ಮನೆತನದವು. 1960ರಲ್ಲಿ ಮಾರುಕಟ್ಟೆಗೆ ಬಂದ ಕ್ಲೋರ್‌ಡಯಜೆಪಾಕ್ಸೈಡ್ ಇವುಗಳ ಹಿರಿಯಣ್ಣ. ಇವು ತಾವೇ ಕ್ಲೋರೈಡ್ ಬಾಗಿಲು ತೆರೆಯುವುದಿಲ್ಲ. ಗಾಬಾ ಬಂದಾಗ ಆ ಬಾಗಿಲು ಹೆಚ್ಚು ಸಲ ತೆರೆದುಕೊಳ್ಳುವಂತೆ ಮಾಡುತ್ತವೆ. ಅಂದರೆ ಹೊರಗಿನ ಕೈಯೊಂದು ದಿನಾ ರಾತ್ರಿ ಧಾರಾಳವಾಗಿ ನೀರು ಚಿಮುಕಿಸುತ್ತದೆ. ವಾರಗಳು ಕಳೆದಂತೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಗಾಬಾ ಗ್ರಾಹಕಗಳು ಮಾತ್ರೆಗೆ ಮೊದಲಿನಂತೆ ಓಗೊಡುವುದಿಲ್ಲ, ಗ್ಲುಟಮೇಟ್ ಕಡೆಯ ಉರಿ ತುಸು ಏರುತ್ತದೆ. ಈಗ ಚಿಮುಕಿಸುವ ಕೈಯನ್ನು ಒಮ್ಮೆಗೇ ತೆಗೆದರೆ ಏರಿದ ಉರಿ ಹಾಗೇ ಉಳಿದಿರುತ್ತದೆ, ನೀರಿಲ್ಲ. ಆ ಶಿಕ್ಷಕಿಯ ನಡುಕ, ಬೆಚ್ಚುವಿಕೆ ಅಷ್ಟೇ. ಹಾಲು ಪೂರ್ತಿ ಉಕ್ಕಿದರೆ ಅದು ಫಿಟ್ಸ್. ಹಾಗಾಗಿ ತಿಂಗಳುಗಟ್ಟಲೆ ನುಂಗಿದ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವಂತಿಲ್ಲ.

ಮೊದಲು ಮಾಡಬೇಕಾದ್ದು

ಎಷ್ಟು ದಿನದಿಂದ, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ ಎಂದು ಬರೆದುಕೊಂಡು ವೈದ್ಯರ ಬಳಿ ಹೋಗಿ. ಹಳೆಯ ಸ್ಟ್ರಿಪ್ ಜೊತೆಗಿರಲಿ. ಕುಡಿಯುವ ಅಭ್ಯಾಸವಿದ್ದರೆ, ಹಿಂದೆ ಫಿಟ್ಸ್ ಬಂದಿದ್ದರೆ ಮುಚ್ಚಿಡಬೇಡಿ. ಮದ್ಯ ಗಾಬಾ ಗ್ರಾಹಕದ ಮೇಲೂ ಕೆಲಸ ಮಾಡುತ್ತದೆ. ಮಾತ್ರೆಯ ಜೊತೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸಬಲ್ಲದು. ಮಾತ್ರೆ ಬಿಡಲು ರಾತ್ರಿ ಒಂದು ಪೆಗ್ ಎನ್ನುವವರು ಏನನ್ನೂ ಬಿಡುತ್ತಿಲ್ಲ. ಮಧ್ಯಾಹ್ನದ ನಂತರದ ಕಾಫಿಯನ್ನೂ ನಿಲ್ಲಿಸಿ. ಗ್ಲುಟಮೇಟ್ ಸುರಿಯುವುದನ್ನು ಹಿಡಿದಿಡುವ ಅಡಿನೊಸಿನ್‌ಗೆ ಕೆಫೀನ್ ಅಡ್ಡ ಬರುತ್ತದೆ.

ಆತಂಕವೇ ಮೂಲ ಕಾಯಿಲೆಯಾಗಿದ್ದರೆ ಮಾತ್ರೆಯ ಡೋಸ್ ಇಳಿಸುವ ಮೊದಲೇ ವೈದ್ಯರು ಎಸ್ಸಿಟಲೋಪ್ರಾಮ್‌ನಂಥ ಸಿರೊಟೋನಿನ್ ಔಷಧಿ ಶುರುಮಾಡಬಹುದು. ಸಿರೊಟೋನಿನ್ ಬೆಂಕಿಯೂ ಅಲ್ಲ, ನೀರೂ ಅಲ್ಲ; ಒಲೆಯ ತಿರುಪಿನ ಮೇಲಿನ ಬೆರಳು. ಮಿದುಳು ಕಾಂಡದ ರಾಫೆ ಎಂಬ ಪುಟ್ಟ ತಾಣದಿಂದ ಹೊರಟ ಅದರ ಎಳೆಗಳು ಮಿದುಳಿನ ತುಂಬ ಹರಡಿರುತ್ತವೆ. ಒಂದು ಬಗೆಯ ಗ್ರಾಹಕ ಸಿಕ್ಕಲ್ಲಿ ಅದು ಕೋಶವನ್ನು ತಣಿಸುತ್ತದೆ, ಇನ್ನೊಂದು ಬಗೆ ಸಿಕ್ಕಲ್ಲಿ ಕೆಣಕುತ್ತದೆ. ಹಾಗಾಗಿ ಈ ಔಷಧಿಯ ಮೊದಲ ವಾರ ಚಡಪಡಿಕೆ ಹೆಚ್ಚಬಹುದು; ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ತಡ. ಎರಡು ಬದಲಾವಣೆಗಳನ್ನು ಒಂದೇ ವಾರದಲ್ಲಿ ಮಾಡಿದರೆ ಚಡಪಡಿಕೆ ಯಾವುದರಿಂದ ಬಂತೆಂದು ಯಾರಿಗೂ ಹೇಳಲಾಗದು. ಬಾಳೆಹಣ್ಣು ತಿಂದರೆ ಸಿರೊಟೋನಿನ್ ಏರುತ್ತದೆ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಹಣ್ಣಿನೊಳಗಿನ ಸಿರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಹಣ್ಣು ತಿನ್ನಿ, ಹಸಿವಿಗೆ.

ಇಳಿಸುವ ಲೆಕ್ಕ

ಆಲ್‌ಪ್ರಜೋಲಾಮ್ ರಕ್ತದಲ್ಲಿ ಸುಮಾರು 11 ಗಂಟೆಗೆ ಅರ್ಧವಾಗುತ್ತದೆ. ರಾತ್ರಿ ನುಂಗಿದ್ದು ಮರುದಿನ ಸಂಜೆಗೆ ಬಹುಪಾಲು ಖಾಲಿ. ಆದ್ದರಿಂದ ಕೆಲವು ವೈದ್ಯರು ನಿಧಾನ ಕರಗುವ ಡಯಜೆಪಾಮ್‌ಗೆ ಬದಲಿಸಿ ಇಳಿಸುತ್ತಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಇದಕ್ಕೆಂದೇ ಕ್ಲಿನಿಕ್ ನಡೆಸಿದ ಹೆದರ್ ಆಷ್ಟನ್ ಅವರ ಪಟ್ಟಿಯ ಪ್ರಕಾರ 0.5 ಮಿಲಿಗ್ರಾಂ ಆಲ್‌ಪ್ರಜೋಲಾಮ್ ಸುಮಾರು 10 ಮಿಲಿಗ್ರಾಂ ಡಯಜೆಪಾಮ್‌ಗೆ ಸಮ. ವಯಸ್ಸಾದವರಲ್ಲಿ, ಲಿವರ್ ತೊಂದರೆಯಿದ್ದವರಲ್ಲಿ ಡಯಜೆಪಾಮ್ ಮೈಯಲ್ಲೇ ಶೇಖರವಾಗಿ ತೂಕಡಿಕೆ, ಬೀಳುವಿಕೆ ತರುತ್ತದೆ. ಅವರಿಗೆ ದಾರಿ ಬೇರೆ.

ನಮ್ಮ ಶಿಕ್ಷಕಿಗೆ ವೈದ್ಯರು ಹೀಗೆ ಬರೆದುಕೊಟ್ಟರು ಎನ್ನೋಣ. ಬದಲಿಸಿದ ಮೇಲೆ ಎರಡು ವಾರ 10 ಮಿಲಿಗ್ರಾಂನಲ್ಲೇ ನಿಲುಗಡೆ. ಆಮೇಲೆ ಎರಡು ವಾರಕ್ಕೊಮ್ಮೆ 1 ಮಿಲಿಗ್ರಾಂ ಇಳಿಕೆ. 5ರ ಒಂದು, 2ರ ಎರಡು ಮಾತ್ರೆ ಸೇರಿದರೆ 9. 2ರ ನಾಲ್ಕು ಮಾತ್ರೆಗೆ 8. ಹೀಗೆ 5ಕ್ಕೆ ಬರಲು ಹತ್ತು ವಾರ. ಅಲ್ಲಿಂದ ಹೆಜ್ಜೆ ಅರ್ಧಕ್ಕೆ ಇಳಿಯುತ್ತದೆ: ಸಲಕ್ಕೆ 0.5, ಅಂದರೆ 2ರ ಮಾತ್ರೆಯ ಕಾಲು ಭಾಗ. ಇನ್ನೂ ಇಪ್ಪತ್ತು ವಾರ. ಹೆಚ್ಚುಕಡಿಮೆ ಏಳು ತಿಂಗಳು.

ಕೊನೆಯಲ್ಲಿ ಯಾಕಿಷ್ಟು ನಿಧಾನ? 10ರಿಂದ 9ಕ್ಕೆ ಇಳಿದರೆ ಹೋಗುವುದು ಹತ್ತರಲ್ಲೊಂದು ಪಾಲು. 2ರಿಂದ 1ಕ್ಕೆ ಇಳಿದರೆ ಅರ್ಧವೇ ಹೋಯಿತು. ಸಣ್ಣ ಡೋಸಿನಲ್ಲೂ ಸಾಕಷ್ಟು ಗ್ರಾಹಕಗಳು ಮಾತ್ರೆಯ ಹಿಡಿತದಲ್ಲಿರುತ್ತವೆ. "ಇನ್ನೇನು ಚೂರೇ ಉಳಿದಿದೆಯಲ್ಲ" ಎಂದು ಅದನ್ನು ಒಂದೇ ಸಲ ಬಿಟ್ಟವರು ಎಡವುವುದು ಅಲ್ಲೇ.

ಆಲ್‌ಪ್ರಜೋಲಾಮನ್ನು ದಿನ ಬಿಟ್ಟು ದಿನ ನುಂಗುವ ಉಪಾಯ ಬೇಡ. ಅದು ಒಂದು ರಾತ್ರಿ ನೀರು, ಒಂದು ರಾತ್ರಿ ಬರೀ ಉರಿ.

ಬಿಡುವ ತೊಂದರೆಯೋ, ಹಳೆಯ ಕಾಯಿಲೆಯೋ?

ಪ್ರತಿ ಇಳಿಕೆಯ ನಂತರ ನಿದ್ದೆಯ ಗಂಟೆ, ನಡುಕ, ಬೆಚ್ಚುವಿಕೆಯನ್ನು ಡೈರಿಯಲ್ಲಿ ಒಂದು ಸಾಲು ಬರೆಯಿರಿ. ಬಿಡುವ ತೊಂದರೆ ಡೋಸ್ ಇಳಿಸಿದ ಕೆಲವು ದಿನಗಳಲ್ಲಿ ಬಂದು, ಏರಿ, ಮೆಲ್ಲಗೆ ತಗ್ಗುತ್ತದೆ. ಸದ್ದು-ಬೆಳಕು ಸಹಿಸದಿರುವುದು, ಕಿವಿಯ ಗುಂಯ್, ಸ್ನಾಯು ಸೆಳೆತದಂಥ ಹಿಂದೆಂದೂ ಇರದ ಲಕ್ಷಣ ತರುತ್ತದೆ. ಹಳೆಯ ಆತಂಕ ಮರಳುವುದಾದರೆ ನಿಧಾನವಾಗಿ, ಹಳೆಯ ಚಿಂತೆಗಳ ರೂಪದಲ್ಲೇ ಬಂದು ತಗ್ಗದೆ ಕೂರುತ್ತದೆ. ಮೊದಲಿನದಾದರೆ ಅದೇ ಡೋಸಿನಲ್ಲಿ ಇನ್ನೊಂದೆರಡು ವಾರ ನಿಲ್ಲುವುದು ಸಾಮಾನ್ಯ ಕ್ರಮ. ಎರಡನೆಯದಕ್ಕೆ ಆತಂಕದ ಚಿಕಿತ್ಸೆಯೇ ಬೇಕು.

ಫಿಟ್ಸ್, ಇಲ್ಲದ್ದು ಕಾಣುವುದು-ಕೇಳುವುದು, ದಿನ-ಜಾಗ ತಿಳಿಯದ ಗೊಂದಲ, ಸಾಯುವ ಯೋಚನೆ: ಇದರಲ್ಲಿ ಯಾವುದೊಂದು ಕಂಡರೂ ಡೈರಿ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಧಾವಿಸಿ, ಆಂಬುಲೆನ್ಸ್‌ಗೆ 108. ಉಳಿದ ದಿನಗಳಲ್ಲಿ ಸಲಹೆಗೆ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಸೊನ್ನೆ ತಲುಪಿದ ಮೇಲೂ ಕೆಲವು ವಾರ ನಿದ್ದೆ ತುಂಡುತುಂಡಾಗಿರಬಹುದು, ಗ್ರಾಹಕಗಳು ಇನ್ನೂ ಹಳೆಯ ಸ್ಥಿತಿಗೆ ಮರಳುತ್ತಿರುತ್ತವೆ. ಬೆಳಗ್ಗೆ ಏಳುವ ಹೊತ್ತನ್ನು ಬದಲಿಸಬೇಡಿ, ಮಧ್ಯಾಹ್ನ ಮಲಗಬೇಡಿ. ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿಡದೆ ಮುಂದಿನ ಭೇಟಿಯಲ್ಲಿ ವೈದ್ಯರ ಕೈಗೆ ಕೊಟ್ಟುಬಿಡಿ.